ಸ್ಕೋರ್ ಚೆನ್ನಾಗಿದ್ದರೂ ಕೇಳಿದಷ್ಟು ಸಾಲ ಏಕೆ ಸಿಗುವುದಿಲ್ಲ? ಬ್ಯಾಂಕಿನ ಎಫ್‌ಒಐಆರ್ ಲೆಕ್ಕ

ಸಿಬಿಲ್ ಸ್ಕೋರ್ 780 ಇದೆ, ಒಂದು ಕಂತೂ ತಪ್ಪಿಲ್ಲ, ಸಂಬಳ ಪ್ರತಿ ತಿಂಗಳು ಸರಿಯಾಗಿ ಖಾತೆಗೆ ಬರುತ್ತದೆ. ಆದರೂ ಹತ್ತು ಲಕ್ಷ ಕೇಳಿದವರಿಗೆ ಬ್ಯಾಂಕು ಎಂಟೂವರೆ ಲಕ್ಷಕ್ಕಿಂತ ಕಡಿಮೆ ಮಂಜೂರು ಮಾಡುತ್ತದೆ. ಕೇಳಿದರೆ ಶಾಖೆಯವರು ‘ಎಫ್‌ಒಐಆರ್ ಜಾಸ್ತಿ ಇದೆ ಸರ್’ ಎಂದು ಹೇಳಿ ಕಳುಹಿಸುತ್ತಾರೆ. ಪರ್ಸನಲ್ ಲೋನ್ ಅರ್ಜಿಯಲ್ಲಿ ಎಷ್ಟು ಹಣ ಸಿಗಬೇಕೆಂದು ತೀರ್ಮಾನಿಸುವುದು ಬಹುಮಟ್ಟಿಗೆ ಈ ಲೆಕ್ಕವೇ. ಇದರಲ್ಲಿ ಗುಟ್ಟೇನೂ ಇಲ್ಲ. ಸಂಬಳದ ಚೀಟಿ ಮತ್ತು ಕಂತುಗಳ ಪಟ್ಟಿ ಇದ್ದರೆ ಮನೆಯಲ್ಲೇ ಕೂತು ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು.

## ಏನಿದು ಅನುಪಾತ

ನಿಮ್ಮ ತಿಂಗಳ ಆದಾಯದಲ್ಲಿ ಎಷ್ಟು ಪಾಲು ಸಾಲದ ಕಂತಿನಂಥ ಖಚಿತ ಹೊಣೆಗಳಿಗೇ ಹೋಗಿಬಿಡುತ್ತದೆ ಎನ್ನುವುದನ್ನು ಶೇಕಡಾವಾರು ಹೇಳುವ ಸಂಖ್ಯೆ ಎಫ್‌ಒಐಆರ್, ಅಂದರೆ ಫಿಕ್ಸೆಡ್ ಆಬ್ಲಿಗೇಷನ್ ಟು ಇನ್‌ಕಮ್ ರೇಶಿಯೋ. ಈಗ ಕಟ್ಟುತ್ತಿರುವ ಎಲ್ಲ ಕಂತುಗಳನ್ನು ಕೂಡಿಸಿ, ಕೇಳುತ್ತಿರುವ ಹೊಸ ಸಾಲದ ಕಂತನ್ನೂ ಅದಕ್ಕೆ ಸೇರಿಸಿ, ಆದಾಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅನುಪಾತ ಬಂತು. ಹೊಸ ಕಂತನ್ನೂ ಸೇರಿಸುವುದು ಇಲ್ಲಿ ಮುಖ್ಯ. ‘ಈಗ ನನ್ನ ಕಂತು ಸಂಬಳದ ಶೇ 16 ಮಾತ್ರ’ ಎಂದು ಅರ್ಜಿದಾರರು ಲೆಕ್ಕ ಹಾಕಿಕೊಂಡಿರುತ್ತಾರೆ. ಬ್ಯಾಂಕು ನೋಡುವುದು ಸಾಲ ಕೊಟ್ಟ ಮೇಲೆ ಅದು ಎಷ್ಟಾಗುತ್ತದೆ ಎನ್ನುವುದನ್ನು.

ಸ್ಕೋರಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನೆಯ ವಿದ್ಯುತ್ ಸಂಪರ್ಕದಿಂದ ತಿಳಿಯಬಹುದು. ಹತ್ತು ವರ್ಷ ಒಂದು ಬಿಲ್ಲೂ ಬಾಕಿ ಉಳಿಸದೆ ಕಟ್ಟಿದ್ದೀರಿ ಎಂದ ಮಾತ್ರಕ್ಕೆ ಮನೆಗೆ ಮಂಜೂರಾದ ಲೋಡ್ ಹೆಚ್ಚಾಗುವುದಿಲ್ಲ. ಗೀಸರ್, ಮೋಟಾರು, ಎಸಿ ಎಲ್ಲ ಈಗಾಗಲೇ ಆ ಲೋಡಿಗೆ ಸೇರಿದ್ದರೆ ಇನ್ನೊಂದು ಎಸಿಗೆ ಜಾಗ ಇರುವುದಿಲ್ಲ. ಸ್ಕೋರ್ ಹೇಳುವುದು ನೀವು ಬಿಲ್ ಕಟ್ಟಿದ ರೀತಿಯನ್ನು, ಎಫ್‌ಒಐಆರ್ ಹೇಳುವುದು ಉಳಿದಿರುವ ಲೋಡನ್ನು. ಒಂದು ಚೆನ್ನಾಗಿದ್ದು ಇನ್ನೊಂದು ತುಂಬಿಹೋಗಿರುವುದು ತೀರ ಸಾಮಾನ್ಯ.

## ಮಿತಿ ಎಷ್ಟು, ಅದನ್ನು ಇಡುವವರು ಯಾರು

ಬ್ಯಾಂಕುಗಳ ಪರ್ಸನಲ್ ಲೋನಿಗೆ ‘ಅನುಪಾತ ಇಷ್ಟೇ ಇರಬೇಕು’ ಎಂದು ರಿಸರ್ವ್ ಬ್ಯಾಂಕ್ ಒಂದು ಅಂಕಿ ಗೊತ್ತುಮಾಡಿಲ್ಲ. ಪ್ರತಿ ಬ್ಯಾಂಕೂ ತನ್ನ ಆಡಳಿತ ಮಂಡಳಿ ಒಪ್ಪಿದ ಸಾಲ ನೀತಿಯಲ್ಲಿ ಅದನ್ನು ಇಟ್ಟುಕೊಂಡಿರುತ್ತದೆ. ಆದ್ದರಿಂದಲೇ ಒಂದೇ ವ್ಯಕ್ತಿಗೆ ಎರಡು ಬ್ಯಾಂಕುಗಳು ಬೇರೆ ಬೇರೆ ಮೊತ್ತ ಹೇಳುತ್ತವೆ. ಮೈಕ್ರೋಫೈನಾನ್ಸ್ ಮಾತ್ರ ಇದಕ್ಕೆ ಹೊರತು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ, ವರ್ಷಕ್ಕೆ ₹3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಹೊಸ ಸಾಲ ಕೊಡುವಾಗ ಆ ಕುಟುಂಬದ ಎಲ್ಲ ಸಾಲಗಳ ತಿಂಗಳ ಮರುಪಾವತಿ ತಿಂಗಳ ಆದಾಯದ ಶೇ 50 ದಾಟಬಾರದು.

ಸಂಬಳದಾರರ ಪರ್ಸನಲ್ ಲೋನಿನಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಶೇ 40ರಿಂದ 50. ಸಂಬಳ ಹೆಚ್ಚಾದಂತೆ ಇದು ಶೇ 60, ಕೆಲವು ಕಡೆ ಅದಕ್ಕೂ ಮೇಲೆ ಹೋಗುತ್ತದೆ. ಹೆಚ್ಚು ಸಂಬಳದವರಿಗೆ ಏಕೆ ಸಡಿಲ ಎಂಬ ಪ್ರಶ್ನೆಗೆ ಉತ್ತರ ಶೇಕಡಾವಾರಿನಲ್ಲಿ ಸಿಗುವುದಿಲ್ಲ, ರೂಪಾಯಿಯಲ್ಲಿ ಸಿಗುತ್ತದೆ. ₹30,000 ಸಂಬಳದವರು ಅರ್ಧ ಕಂತಿಗೆ ಕೊಟ್ಟರೆ ಕೈಯಲ್ಲಿ ಉಳಿಯುವುದು ₹15,000. ಬಾಡಿಗೆ, ರೇಷನ್, ಮಕ್ಕಳ ಫೀಸು, ಔಷಧಿ ಎಲ್ಲ ಅದರಲ್ಲೇ ಆಗಬೇಕು. ₹1,50,000 ಸಂಬಳದವರು ಶೇ 60 ಕೊಟ್ಟ ಮೇಲೂ ₹60,000 ಉಳಿಯುತ್ತದೆ. ಅಕ್ಕಿ ಬೇಳೆಯ ಖರ್ಚು ಸಂಬಳದಷ್ಟೇ ವೇಗವಾಗಿ ಏರುವುದಿಲ್ಲವಲ್ಲ.

ಅಡಮಾನವಿಲ್ಲದ ಸಾಲದಲ್ಲಿ ಬ್ಯಾಂಕಿಗೆ ಇರುವ ಭದ್ರತೆ ಈ ಉಳಿಕೆ ಮಾತ್ರ. ಮನೆ ಸಾಲದಲ್ಲಿ ಮನೆ ಇದೆ, ಚಿನ್ನದ ಸಾಲದಲ್ಲಿ ಚಿನ್ನ ಇದೆ. ಪರ್ಸನಲ್ ಲೋನಿನಲ್ಲಿ ಮುಂದಿನ ತಿಂಗಳ ಸಂಬಳದ ಹೊರತು ಹಿಡಿದುಕೊಳ್ಳಲು ಏನೂ ಇಲ್ಲ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇಂಥ ಸಾಲಗಳ ರಿಸ್ಕ್ ವೆಯ್ಟನ್ನು ಶೇ 100ರಿಂದ 125ಕ್ಕೆ ಏರಿಸಿತು. ಅಂದರೆ ಪ್ರತಿ ಸಾಲದ ಹಿಂದೆ ಬ್ಯಾಂಕು ಮೊದಲಿಗಿಂತ ಹೆಚ್ಚು ಬಂಡವಾಳ ಇಡಬೇಕಾಯಿತು.

## ಯಾವುದು ಆದಾಯ, ಯಾವುದು ಹೊಣೆ

ಎಡವಟ್ಟು ಹೆಚ್ಚಾಗಿ ಆಗುವುದು ಈ ಎರಡು ಸಾಲುಗಳಲ್ಲಿ.

ಆದಾಯ ಎಂದರೆ ಬಹುತೇಕ ಬ್ಯಾಂಕುಗಳಿಗೆ ಕಾನೂನು ಪ್ರಕಾರ ಆಗುವ ಕಡಿತಗಳಾದ ಭವಿಷ್ಯನಿಧಿ, ವೃತ್ತಿ ತೆರಿಗೆ, ಆದಾಯ ತೆರಿಗೆ ಕಳೆದು ಉಳಿಯುವ ನಿವ್ವಳ ಸಂಬಳ. ಕೆಲವು ಬ್ಯಾಂಕುಗಳು ಒಟ್ಟು ಸಂಬಳವನ್ನೇ ಹಿಡಿದು, ಎಲ್ಲ ಕಡಿತ ಮತ್ತು ಕಂತುಗಳ ನಂತರ ಅದರ ಇಂತಿಷ್ಟು ಶೇಕಡಾ ಕೈಗೆ ಬರಲೇಬೇಕು ಎನ್ನುತ್ತವೆ. ಹೇಳುವ ರೀತಿ ಬೇರೆ, ಆಲೋಚನೆ ಒಂದೇ. ಪ್ರತಿ ತಿಂಗಳು ಖಚಿತವಾಗಿ ಬರುವ ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆಗಳು ಪೂರ್ತಿ ಲೆಕ್ಕಕ್ಕೆ ಬರುತ್ತವೆ. ಓವರ್‌ಟೈಮ್, ಇನ್ಸೆಂಟಿವ್‌ಗಳನ್ನು ಕೆಲವರು ಪೂರ್ತಿ ಕೈಬಿಡುತ್ತಾರೆ, ಕೆಲವರು ಕಳೆದ ಮೂರು ಅಥವಾ ಆರು ತಿಂಗಳ ಸರಾಸರಿಯ ಅರ್ಧ ಹಿಡಿಯುತ್ತಾರೆ. ಪ್ರಯಾಣ ಬಿಲ್ಲಿನ ವಾಪಸಾತಿ, ವರ್ಷಕ್ಕೊಮ್ಮೆ ಬರುವ ಬೋನಸ್ಸು ಸಾಮಾನ್ಯವಾಗಿ ಸೇರುವುದಿಲ್ಲ. ಸ್ವಂತ ವ್ಯಾಪಾರದವರಿಗೆ ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಿದ ಲಾಭವೇ ಆಧಾರ. ತೆರಿಗೆ ಉಳಿಸಲು ಲಾಭ ಕಡಿಮೆ ತೋರಿಸಿದ್ದರೆ ಸಾಲದ ಅರ್ಹತೆಯೂ ಅಷ್ಟೇ ಕುಗ್ಗುತ್ತದೆ.

ಹೊಣೆಯಲ್ಲಿ ಎಲ್ಲ ಸಾಲಗಳ ಕಂತು ಸೇರುತ್ತದೆ: ಮನೆ, ವಾಹನ, ಶಿಕ್ಷಣ, ಅಂಗಡಿಯಲ್ಲಿ ಮೊಬೈಲಿಗೋ ಫ್ರಿಜ್ಜಿಗೋ ಮಾಡಿಸಿದ ‘ನೋ ಕಾಸ್ಟ್’ ಕಂತು ಕೂಡ. ಬಡ್ಡಿ ಇಲ್ಲ ಎಂದ ಮಾತ್ರಕ್ಕೆ ಅದು ಸಾಲವಲ್ಲ ಎಂದಾಗುವುದಿಲ್ಲ. ಕ್ರೆಡಿಟ್ ಕಾರ್ಡಿಗೆ ನಿಗದಿತ ಕಂತು ಇಲ್ಲದ ಕಾರಣ ಬಾಕಿ ಮೊತ್ತದ ಶೇ 5ನ್ನು ತಿಂಗಳ ಹೊಣೆ ಎಂದು ಹಿಡಿಯುವುದು ರೂಢಿ. ಇನ್ನು ಕೆಲವೇ ಕಂತು ಬಾಕಿ ಇರುವ ಸಾಲವನ್ನು ಕೆಲವು ಬ್ಯಾಂಕುಗಳು ಬಿಟ್ಟುಬಿಡುತ್ತವೆ, ಆದರೆ ಅದು ಆಯಾ ಬ್ಯಾಂಕಿನ ನೀತಿ. ಮನೆ ಬಾಡಿಗೆಯನ್ನು ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ವಿದ್ಯುತ್ ಬಿಲ್ಲು, ದಿನಸಿ, ಪೆಟ್ರೋಲು ಇದರಲ್ಲಿ ಬರುವುದಿಲ್ಲ. ಅವಕ್ಕೆಂದೇ ಉಳಿದ ಅರ್ಧವನ್ನು ಬಿಟ್ಟಿರುವುದು.

ಬ್ಯಾಂಕಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೆ? ಸಾಲದ ಪಟ್ಟಿ ಕ್ರೆಡಿಟ್ ವರದಿಯಿಂದ, ಕಂತಿನ ಮೊತ್ತ ಖಾತೆಯ ಸ್ಟೇಟ್‌ಮೆಂಟಿನಿಂದ. ಪ್ರತಿ ತಿಂಗಳ ಅದೇ ತಾರೀಕಿಗೆ ಅದೇ ಮೊತ್ತ ಕಡಿತವಾಗುತ್ತಿದ್ದರೆ ಅರ್ಜಿ ನೋಡುವ ಅಧಿಕಾರಿ ಅದನ್ನು ಗುರುತು ಹಾಕಿಕೊಂಡು ವರದಿಯೊಂದಿಗೆ ತಾಳೆ ನೋಡುತ್ತಾರೆ. ವರದಿಯಲ್ಲಿ ಇನ್ನೂ ಕಾಣಿಸದ ಹೊಸ ಸಾಲವೂ ಸ್ಟೇಟ್‌ಮೆಂಟಿನಲ್ಲಿ ಸಿಕ್ಕಿಬೀಳುತ್ತದೆ.

## ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ

ಹುಬ್ಬಳ್ಳಿಯ ಖಾಸಗಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಒಬ್ಬ ಮೇಲ್ವಿಚಾರಕರು ಮಗಳ ಮದುವೆಗೆ ₹10 ಲಕ್ಷ ಬೇಕೆಂದು ಅರ್ಜಿ ಹಾಕುತ್ತಾರೆ ಎಂದುಕೊಳ್ಳಿ. ಅವರ ಖಾತೆಗೆ ತಿಂಗಳಿಗೆ ₹60,000 ಬೀಳುತ್ತದೆ. ಅದರಲ್ಲಿ ₹5,000 ಓವರ್‌ಟೈಮ್. ಖಚಿತ ಸಂಬಳ ₹58,800, ಭವಿಷ್ಯನಿಧಿ ₹3,600, ವೃತ್ತಿ ತೆರಿಗೆ ₹200. ಈ ಬ್ಯಾಂಕು ಓವರ್‌ಟೈಮ್ ಹಿಡಿಯುವುದಿಲ್ಲವಾದ್ದರಿಂದ ಅದರ ಲೆಕ್ಕದ ಆದಾಯ ₹55,000.

ಹೊಣೆಗಳು ಮೂರು. ಬೈಕಿನ ಕಂತು ₹3,200, ಇನ್ನು 14 ತಿಂಗಳು ಇದೆ. ಮೊಬೈಲಿನ ಕಂತು ₹2,500, ಮೂರು ತಿಂಗಳು ಇದೆ. ಕ್ರೆಡಿಟ್ ಕಾರ್ಡಿನ ಬಾಕಿ ₹60,000, ಅದರ ಶೇ 5 ಎಂದರೆ ₹3,000. ಒಟ್ಟು ₹8,700.

ಬ್ಯಾಂಕಿನ ಮಿತಿ ಶೇ 50. ₹55,000ದ ಅರ್ಧ ₹27,500. ಅದರಲ್ಲಿ ₹8,700 ಕಳೆದರೆ ಹೊಸ ಕಂತಿಗೆ ಉಳಿದ ಜಾಗ ₹18,800. ಇಲ್ಲಿಂದ ಸಾಲದ ಮೊತ್ತಕ್ಕೆ ಹಿಂದಕ್ಕೆ ಬರಬೇಕು. ಶೇ 12 ಬಡ್ಡಿಯಲ್ಲಿ 5 ವರ್ಷಕ್ಕೆ ಒಂದು ಲಕ್ಷ ಸಾಲದ ಕಂತು ₹2,224. ₹18,800ನ್ನು ₹2,224ರಿಂದ ಭಾಗಿಸಿದರೆ 8.45. ಅಂದರೆ ₹8.45 ಲಕ್ಷ.

ಕೇಳಿದ ₹10 ಲಕ್ಷವನ್ನು ಕೊಟ್ಟಿದ್ದರೆ ಕಂತು ₹22,240, ಹಳೆಯದೂ ಸೇರಿ ₹30,940, ಅನುಪಾತ ಶೇ 56. ಮಿತಿ ದಾಟಿದ್ದು ಇಲ್ಲಿ.

ಒಂದು ಲಕ್ಷಕ್ಕೆ ಎಷ್ಟು ಕಂತು ಎನ್ನುವ ಅಂಕಿ ಅವಧಿ, ಬಡ್ಡಿ ಎರಡರ ಮೇಲೂ ನಿಂತಿದೆ. ಅದೇ ₹18,800ಕ್ಕೆ 4 ವರ್ಷವಾದರೆ ₹7.14 ಲಕ್ಷ ಮಾತ್ರ ಸಿಗುತ್ತದೆ, 7 ವರ್ಷ ಕೊಡುವ ಬ್ಯಾಂಕಾದರೆ ₹10.65 ಲಕ್ಷ. ಅವಧಿ ಎಳೆದರೆ ಕೇಳಿದ್ದು ಸಿಕ್ಕೇಬಿಡುತ್ತದೆ ಎನಿಸಬಹುದು, ಆದರೆ ₹10 ಲಕ್ಷಕ್ಕೆ 5 ವರ್ಷದ ಒಟ್ಟು ಬಡ್ಡಿ ಸುಮಾರು ₹3.35 ಲಕ್ಷವಾದರೆ 7 ವರ್ಷಕ್ಕೆ ₹4.83 ಲಕ್ಷ. ಸ್ಕೋರಿನ ಪ್ರಭಾವವೂ ಇದೇ ಜಾಗದಲ್ಲಿ ಒಳಗೆ ಬರುತ್ತದೆ. ಸ್ಕೋರ್ ಕಡಿಮೆಯಾಗಿ ಬಡ್ಡಿ ಶೇ 16 ಹಾಕಿದರೆ ಲಕ್ಷದ ಕಂತು ₹2,432ಕ್ಕೆ ಏರುತ್ತದೆ, ಅದೇ ಜಾಗದಲ್ಲಿ ಹಿಡಿಯುವ ಸಾಲ ₹7.73 ಲಕ್ಷಕ್ಕೆ ಇಳಿಯುತ್ತದೆ.

## ಎರಡನೇ ತಡೆ: ಸಂಬಳದ ಇಷ್ಟು ಪಟ್ಟು

ಎಫ್‌ಒಐಆರ್ ಜೊತೆಗೆ ಬ್ಯಾಂಕುಗಳು ಇನ್ನೊಂದು ಮಿತಿಯನ್ನೂ ಇಡುತ್ತವೆ. ನಿವ್ವಳ ಸಂಬಳದ 10 ಪಟ್ಟು, 18 ಪಟ್ಟು, ಒಳ್ಳೆಯ ಕಂಪನಿಯ ಅಥವಾ ಸರ್ಕಾರಿ ನೌಕರರಿಗೆ 24 ಪಟ್ಟು ಎಂಬಂತೆ ಸಾಲದ ಮೊತ್ತಕ್ಕೇ ಹಾಕುವ ಗೆರೆ ಇದು. ಎರಡೂ ಲೆಕ್ಕ ಮಾಡಿ ಯಾವುದು ಕಡಿಮೆಯೋ ಅದನ್ನೇ ಮಂಜೂರು ಮಾಡುತ್ತಾರೆ. ಅವಧಿ ಎಳೆದು ಕಂತು ಇಳಿಸಿ ಎಫ್‌ಒಐಆರ್ ದಾಟಿದವರು ಇಲ್ಲಿ ನಿಲ್ಲುತ್ತಾರೆ.

ನಮ್ಮ ಉದಾಹರಣೆಯ ಬ್ಯಾಂಕು 18 ಪಟ್ಟು ಕೊಡುತ್ತದೆ ಎಂದಿಟ್ಟುಕೊಂಡರೆ ₹55,000ಕ್ಕೆ ₹9.9 ಲಕ್ಷ. ಸದ್ಯಕ್ಕೆ ₹8.45 ಲಕ್ಷವೇ ಕಡಿಮೆಯಾದ್ದರಿಂದ ಮಂಜೂರಾದದ್ದು ಅದೇ. ಆದರೆ ಹಳೆಯ ಕಂತುಗಳನ್ನೆಲ್ಲ ತೀರಿಸಿದರೂ ಈ ಬ್ಯಾಂಕಿನಲ್ಲಿ ₹9.9 ಲಕ್ಷದ ಮೇಲೆ ಒಂದು ರೂಪಾಯಿಯೂ ಸಿಗುವುದಿಲ್ಲ, 7 ವರ್ಷಕ್ಕೆ ಎಳೆದರೂ ಸಿಗುವುದಿಲ್ಲ. ಯಾವ ತಡೆ ನಿಮ್ಮನ್ನು ಹಿಡಿದಿದೆ ಎಂದು ತಿಳಿಯದೆ ಸಾಲ ತೀರಿಸಲು ಹೊರಟರೆ ಉಳಿತಾಯದ ಹಣ ಕೈಬಿಟ್ಟು ಅರ್ಹತೆ ಮಾತ್ರ ಅಲ್ಲೇ ಉಳಿಯಬಹುದು.

## ಯಾವುದನ್ನು ಮೊದಲು ತೀರಿಸಬೇಕು

ಒಂದು ಸಾಲ ಮುಚ್ಚಿದರೆ ಅರ್ಹತೆ ಹೆಚ್ಚುವುದು ಅದರ ಬಾಕಿ ಮೊತ್ತದ ಲೆಕ್ಕದಲ್ಲಲ್ಲ, ಬಿಡುಗಡೆಯಾದ ಕಂತಿನ ಲೆಕ್ಕದಲ್ಲಿ. ಮೇಲಿನ ಮೂರನ್ನು ಹೀಗೆ ತೂಗಿ ನೋಡಿ. ಮೊಬೈಲಿನ ಉಳಿದ ಮೂರು ಕಂತು ಕಟ್ಟಲು ₹7,500 ಸಾಕು, ತೆರವಾಗುವ ಜಾಗ ₹2,500, ಅದು ₹2,224ರ ಲೆಕ್ಕದಲ್ಲಿ ₹1.12 ಲಕ್ಷ ಹೆಚ್ಚಿನ ಸಾಲ. ಬೈಕಿನ ಸಾಲ ಮುಚ್ಚಲು ಸುಮಾರು ₹42,000 ಬೇಕು, ಹೆಚ್ಚುವುದು ₹1.44 ಲಕ್ಷ. ಕಾರ್ಡಿನ ₹60,000 ಕಟ್ಟಿದರೆ ₹1.35 ಲಕ್ಷ.

ಅರ್ಹತೆಯೊಂದನ್ನೇ ನೋಡಿದರೆ ಮೊಬೈಲ್ ಮೊದಲು ಎನ್ನುವುದರಲ್ಲಿ ಅನುಮಾನವಿಲ್ಲ. ಅದನ್ನು ತೀರಿಸಿದ ತಕ್ಷಣ ಮೇಲ್ವಿಚಾರಕರ ಅರ್ಹತೆ ₹8.45 ಲಕ್ಷದಿಂದ ₹9.57 ಲಕ್ಷಕ್ಕೆ ಬರುತ್ತದೆ. 18 ಪಟ್ಟಿನ ಗೆರೆಗೆ ಇನ್ನು ಮೂವತ್ತಮೂರು ಸಾವಿರ ಮಾತ್ರ ಬಾಕಿ. ಅದಕ್ಕೆ ಕಾರ್ಡಿನಲ್ಲಿ ಸುಮಾರು ₹15,000 ಇಳಿಸಿದರೆ ಸಾಕು, ಬೈಕನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಬೈಕಿನ ಸಾಲವನ್ನು ಅವಧಿಗೆ ಮೊದಲೇ ಮುಚ್ಚಿದರೆ ಅದಕ್ಕೆ ಬೇರೆ ಶುಲ್ಕವೂ ಇರಬಹುದು. ಬಡ್ಡಿಯ ದೃಷ್ಟಿಯಿಂದ ನೋಡಿದರೆ ಮಾತ್ರ ಕಾರ್ಡಿನ ಬಾಕಿಯೇ ಎಲ್ಲಕ್ಕಿಂತ ದುಬಾರಿ. ಸಾಲ ಸಿಕ್ಕ ಮೇಲೆ ಮೊದಲು ತೀರಬೇಕಾದ್ದು ಅದು.

ಕೈಯಲ್ಲಿ ಹಣವೇ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಹೊಸ ಸಾಲದ ಹಣದಲ್ಲೇ ಹಳೆಯ ಸಾಲಗಳನ್ನು ಬ್ಯಾಂಕು ನೇರವಾಗಿ ತೀರಿಸಿ ಉಳಿದದ್ದನ್ನು ಖಾತೆಗೆ ಹಾಕುವ ವ್ಯವಸ್ಥೆ, ಅಂದರೆ ಟೇಕ್‌ಓವರ್. ಮುಚ್ಚಿಹೋಗುವ ಸಾಲದ ಕಂತನ್ನು ಆಗ ಹೊಣೆಯಲ್ಲಿ ಹಿಡಿಯುವುದಿಲ್ಲ. ‘ಹಣ ಕೊಡಿ, ನಾನೇ ತೀರಿಸುತ್ತೇನೆ’ ಎಂದರೆ ಈ ರಿಯಾಯಿತಿ ಸಿಗುವುದಿಲ್ಲ.

## ಲೆಕ್ಕ ತಪ್ಪುವುದು ಎಲ್ಲಿ

ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವುದು ಕಾರ್ಡ್. ಪ್ರತಿ ತಿಂಗಳು ₹80,000 ಕಾರ್ಡಿನಲ್ಲೇ ಖರ್ಚು ಮಾಡಿ ಕೊನೆಯ ದಿನದೊಳಗೆ ಪೂರ್ತಿ ಕಟ್ಟುವವರು ತಮಗೆ ಸಾಲವೇ ಇಲ್ಲ ಎಂದುಕೊಂಡಿರುತ್ತಾರೆ. ವರದಿಗೆ ಹೋಗಿರುವುದು ಬಿಲ್ ತಯಾರಾದ ದಿನದ ₹80,000 ಆಗಿದ್ದರೆ ಅದರ ಶೇ 5, ಅಂದರೆ ₹4,000 ಹೊಣೆಗೆ ಸೇರಿ ₹1.8 ಲಕ್ಷದಷ್ಟು ಅರ್ಹತೆ ಹೋಗುತ್ತದೆ. ಅರ್ಜಿ ಹಾಕುವ ಒಂದೆರಡು ತಿಂಗಳ ಮೊದಲಿನಿಂದ, ಬಿಲ್ ತಯಾರಾಗುವ ದಿನಕ್ಕೆ ಮುಂಚೆಯೇ ಹಣ ಕಟ್ಟಿಬಿಡುವುದು ಇದಕ್ಕೆ ಪರಿಹಾರ.

ಸಂಬಳದಲ್ಲೇ ಸಹಕಾರ ಸಂಘದ ಸಾಲ ಕಡಿತವಾಗುವವರಿಗೆ ಎರಡು ಸಲ ಏಟು ಬೀಳುವ ಅಪಾಯ ಇದೆ. ಅದೇ ₹55,000 ನಿವ್ವಳದಲ್ಲಿ ₹4,000 ಸಂಘಕ್ಕೆ ಹೋಗಿ ಖಾತೆಗೆ ₹51,000 ಬರುತ್ತದೆ ಎನ್ನಿ. ಆದಾಯ ₹51,000 ಎಂದು ಹಿಡಿದು, ಮೇಲೆ ₹4,000ವನ್ನು ಹೊಣೆಗೂ ಸೇರಿಸಿದರೆ ಒಂದೇ ಕಂತು ಎರಡು ಕಡೆ ಲೆಕ್ಕವಾಯಿತು. ಜಾಗ ₹2,000 ಕಡಿಮೆಯಾಗುತ್ತದೆ, ಸಾಲ ಸುಮಾರು ₹90,000 ಕಡಿಮೆಯಾಗುತ್ತದೆ. ಖಾತೆಯ ಜಮೆಯನ್ನು ಮಾತ್ರ ನೋಡಿ ಲೆಕ್ಕ ಮಾಡುವ ಆನ್‌ಲೈನ್ ಅರ್ಜಿಗಳಲ್ಲಿ ಇದು ಸುಲಭವಾಗಿ ಆಗಿಬಿಡಬಹುದು. ಸಂಬಳ ಚೀಟಿಯಲ್ಲಿ ಆ ಕಡಿತದ ಸಾಲನ್ನು ತೋರಿಸಿ ಅಧಿಕಾರಿಯೊಂದಿಗೆ ಮಾತಾಡಿದರೆ ಸರಿಹೋಗುತ್ತದೆ.

ಗಂಡ ಹೆಂಡತಿ ಜಂಟಿಯಾಗಿ ತೆಗೆದ ಮನೆ ಸಾಲವಿದ್ದರೆ ಪೂರ್ತಿ ಕಂತು ಇಬ್ಬರ ವರದಿಯಲ್ಲೂ ಕಾಣುತ್ತದೆ. ₹24,000 ಕಂತನ್ನು ಹೆಂಡತಿಯೇ ತಮ್ಮ ಸಂಬಳದಿಂದ ಕಟ್ಟುತ್ತಿದ್ದರೂ, ಗಂಡನ ಅರ್ಜಿಯಲ್ಲಿ ಅಷ್ಟೂ ಅವರ ಹೊಣೆಯಾಗಿ ಕೂರಬಹುದು. ಕಂತು ಹೆಂಡತಿಯ ಖಾತೆಯಿಂದಲೇ ಹೋಗುತ್ತಿದೆ ಎಂದು ತೋರಿಸುವ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಜೊತೆಗಿಟ್ಟರೆ ಬಿಡುವ ಬ್ಯಾಂಕುಗಳಿವೆ. ಜಾಮೀನು ಹಾಕಿದ ಸಾಲವೂ ವರದಿಯಲ್ಲಿ ಬರುತ್ತದೆ. ಸಾಲಗಾರ ಸರಿಯಾಗಿ ಕಟ್ಟುತ್ತಿರುವವರೆಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಹೆಚ್ಚು, ಆತ ತಪ್ಪಿದರೆ ಚಿತ್ರ ಬದಲಾಗುತ್ತದೆ.

ಇನ್ನು ಮುಚ್ಚಿದ ಸಾಲ ವರದಿಯಲ್ಲಿ ಇನ್ನೂ ಚಾಲ್ತಿಯಲ್ಲಿರುವುದು. ಕಂತು ಮುಗಿದ ಮಾರನೆಯ ದಿನವೇ ಅರ್ಜಿ ಹಾಕಿದರೆ ಹೀಗಾಗುತ್ತದೆ. ಸಾಲ ಕೊಟ್ಟವರು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳುಹಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತಾದರೂ, ಬಾಕಿ ಇಲ್ಲ ಎಂಬ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದೇ ಅರ್ಜಿ ಹಾಕುವುದು ಕ್ಷೇಮ.

## ಅರ್ಜಿಗೆ ಮುನ್ನ, ಅರ್ಜಿಯ ನಂತರ

ದೇಶದಲ್ಲಿರುವ ಕ್ರೆಡಿಟ್ ಮಾಹಿತಿ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಒಂದೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಸಿಗಬೇಕು. ನಿಮ್ಮ ಬ್ಯಾಂಕು ಯಾವುದನ್ನು ನೋಡುತ್ತದೆ ಎಂದು ಕೇಳಿ ಅದನ್ನೇ ಮೊದಲು ತೆಗೆಸಿ. ವರದಿಯಲ್ಲಿರುವ ಒಂದೊಂದು ಚಾಲ್ತಿ ಸಾಲಕ್ಕೂ ಎದುರಿಗೆ ಕಂತಿನ ಮೊತ್ತ ಬರೆದುಕೊಳ್ಳಿ. ತಪ್ಪಿದ್ದರೆ ಆ ಸಂಸ್ಥೆಯ ಜಾಲತಾಣದಲ್ಲೇ ದೂರು ಕೊಡಬಹುದು. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ.

ಬ್ಯಾಂಕು ಕಡಿಮೆ ಮೊತ್ತ ಹೇಳಿದಾಗ ಶಾಖೆಯಲ್ಲಿ ನಾಲ್ಕು ಅಂಕಿಗಳನ್ನು ಕೇಳಿ ಬರೆದುಕೊಳ್ಳಿ: ಯಾವ ಆದಾಯ ಹಿಡಿದರು, ಯಾವ ಯಾವ ಹೊಣೆ ಸೇರಿಸಿದರು, ಅನುಪಾತದ ಮಿತಿ ಎಷ್ಟು, ಸಂಬಳದ ಎಷ್ಟು ಪಟ್ಟು. ನಾಲ್ಕೂ ಸಿಕ್ಕರೆ ಮೇಲಿನ ಲೆಕ್ಕವನ್ನು ನೀವೇ ಮತ್ತೆ ಮಾಡಿ, ವ್ಯತ್ಯಾಸ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಅರ್ಧ ಓವರ್‌ಟೈಮ್ ಹಿಡಿಯುವ ಇನ್ನೊಂದು ಬ್ಯಾಂಕಿಗೆ ಹೋದರೆ ಇದೇ ಮೇಲ್ವಿಚಾರಕರ ಆದಾಯ ₹2,500 ಏರಿ, ಸಾಲ ₹56,000ದಷ್ಟು ಹೆಚ್ಚುತ್ತದೆ ಎನ್ನುವುದೂ ಆಗಲೇ ಕಾಣುತ್ತದೆ. ಹಾಗೆಂದು ಒಂದೇ ವಾರದಲ್ಲಿ ಐದಾರು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗಿ ಸ್ಕೋರನ್ನು ಇಳಿಸುತ್ತದೆ. ಮೊದಲು ಬಾಯಿಮಾತಿನಲ್ಲಿ ನೀತಿ ಕೇಳಿಕೊಂಡು, ಲೆಕ್ಕ ಹೊಂದುವ ಕಡೆ ಮಾತ್ರ ಅರ್ಜಿ ಹಾಕಿ.

ಅರ್ಜಿ ಪೂರ್ತಿ ತಿರಸ್ಕೃತವಾದರೆ ಮುಖ್ಯ ಕಾರಣಗಳನ್ನು ಬ್ಯಾಂಕು ಬರವಣಿಗೆಯಲ್ಲಿ ತಿಳಿಸಬೇಕು. ಕಾರಣ ಎಫ್‌ಒಐಆರ್ ಎಂದಿದ್ದರೆ ಯಾವ ಕಂತು ಯಾವ ತಿಂಗಳಿಗೆ ಮುಗಿಯುತ್ತದೆ ಎಂಬ ಪಟ್ಟಿ ಮಾಡಿ. ಮತ್ತೆ ಅರ್ಜಿ ಹಾಕಬೇಕಾದ ತಿಂಗಳು ಯಾವುದೆಂದು ಆ ಪಟ್ಟಿಯಲ್ಲೇ ಸಿಗುತ್ತದೆ.